ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ: ಹೋಟೆಲ್ ಸಿಬ್ಬಂದಿಗೆ ಮೊದಲ ಐದು ನಿಮಿಷದ ಸಮಗ್ರ ಮಾರ್ಗದರ್ಶಿ

ಊಟದ ಹಾಲ್‌ನಲ್ಲಿ ಗಿರಾಕಿಗೆ ಏನಾದರೂ ಆದರೆ ಬಹುತೇಕ ಎಲ್ಲ ಕಡೆ ಒಂದೇ ಥರ ಎಡವುತ್ತೇವೆ. ಒಬ್ಬ ನೀರು ತರುತ್ತಾನೆ. ಇನ್ನೊಬ್ಬ ನೆತ್ತಿ ತಟ್ಟುತ್ತಾನೆ. ನಾಲ್ಕು ಜನ ಸುತ್ತ ನಿಂತು 'ಗಾಳಿ ಬಿಡಿ, ಗಾಳಿ ಬಿಡಿ' ಅಂತ ಕೂಗುತ್ತಲೇ ಗಾಳಿಗೆ ಅಡ್ಡ ನಿಂತಿರುತ್ತಾರೆ. 108ಕ್ಕೆ ಮಾತ್ರ ಯಾರೂ ಫೋನ್ ಮಾಡಿರುವುದಿಲ್ಲ, ಯಾಕಂದ್ರೆ ಬೇರೆ ಯಾರೋ ಮಾಡಿರಬೇಕು ಅಂತ ಪ್ರತಿಯೊಬ್ಬನೂ ಅಂದುಕೊಂಡಿರುತ್ತಾನೆ.

ನಾನು ಹೆದ್ದಾರಿ ಪಕ್ಕದ ಒಂದು ಲಾಡ್ಜ್ ಹೋಟೆಲ್‌ನಲ್ಲಿ ಫ್ಲೋರ್ ಕ್ಯಾಪ್ಟನ್ ಆಗಿದ್ದಾಗ ನಮ್ಮಲ್ಲೂ ಹೀಗೇ ಆಯಿತು. ಶನಿವಾರ ಮಧ್ಯಾಹ್ನ, ಹಾಲ್ ತುಂಬಿತ್ತು. ಏಳನೇ ಟೇಬಲ್‌ನಲ್ಲಿ ಸುಮಾರು ಅರವತ್ತೈದರ ಯಜಮಾನರು, ಮುದ್ದೆ ಮತ್ತು ಮಟನ್ ಸಾರು. ಹಲ್ಲಿನ ಸೆಟ್ ಹಾಕಿಕೊಂಡಿದ್ದರು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಆ ತುತ್ತಿನ ಜೊತೆ ಒಂದು ದಪ್ಪ ಪೀಸೂ ಹೋಯಿತು. ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿದರು. ನಮ್ಮ ಸಪ್ಲೈಯರ್ ನೋಡಿ ನೀರಿನ ಲೋಟ ಮುಂದಿಟ್ಟ. ಅವರು ಕೈ ಆಡಿಸಿ ಎದ್ದು, ಕೈ ತೊಳೆಯುವ ಜಾಗಕ್ಕೆ ಹೋದರು. ವಾಂತಿ ಇರಬೇಕು ಅಂತ ನಾವೆಲ್ಲ ಸುಮ್ನೆ ಇದ್ದೆವು. ಒಂದೂವರೆ ಎರಡು ನಿಮಿಷದ ಮೇಲೆ ಕ್ಲೀನರ್ ಹುಡುಗ ಓಡಿಬಂದ: 'ಅಣ್ಣಾ, ಬೇಸಿನ್ ಹತ್ರ ಬಿದ್ದವ್ರೆ!'

ಅವರು ಬದುಕಿದರು. ನಮ್ಮ ಜಾಣತನದಿಂದಲ್ಲ, ಹನ್ನೊಂದನೇ ಟೇಬಲ್‌ನಲ್ಲಿ ಒಬ್ಬ ನರ್ಸ್ ಊಟ ಮಾಡುತ್ತಿದ್ದರು, ಅದರಿಂದ. ಆಮೇಲೆ ನಾನೂ ತರಬೇತಿ ತೆಗೆದುಕೊಂಡೆ, ಹುಡುಗರಿಗೂ ಹೇಳಿಕೊಡಲು ಶುರು ಮಾಡಿದೆ. ಕೆಳಗಿನ ಕ್ರಮ ಅದೇ. ಇದನ್ನು ಓದಿದರೆ ಸಾಕು ಅಂತಲ್ಲ, ಒಂದು ದಿನ ಗೊಂಬೆ ಇಟ್ಟು ಕಲಿಸುವವರ ಹತ್ತಿರ ಕೈಯಾರೆ ಮಾಡಿ ನೋಡಲೇಬೇಕು.

## ಹಂತ 1: ಶಿಫ್ಟ್ ಶುರುವಾಗುವ ಮೊದಲೇ ಕೆಲಸ ಹಂಚಿ

ಮೂರು ಕೆಲಸ, ಮೂರು ಜನ. ಗಿರಾಕಿಗೆ ಯಾರು ಹತ್ತಿರ ಇದ್ದಾರೋ ಅವರ ಕೆಲಸ ಕೈಯದು. ಅವರು ಗಿರಾಕಿಯನ್ನು ಬಿಟ್ಟು ಎಲ್ಲಿಗೂ ಹೋಗಬಾರದು, ಮ್ಯಾನೇಜರ್ ಕರೆಯೋಕೂ ಹೋಗಬಾರದು. ಕ್ಯಾಶಿಯರ್‌ದು ಫೋನ್. ಸೆಕ್ಯೂರಿಟಿಯದು ದಾರಿ: ಗೇಟ್ ತೆಗೆಸುವುದು, ಅಡ್ಡ ನಿಲ್ಲಿಸಿದ ಬೈಕ್ ಸರಿಸುವುದು, ಲಿಫ್ಟ್ ಇದ್ದರೆ ಕೆಳಗೆ ಹಿಡಿದಿಟ್ಟುಕೊಳ್ಳುವುದು.

ಫೋನ್ ಕ್ಯಾಶಿಯರ್‌ಗೇ ಯಾಕೆ? ಈಗ ನಮ್ಮ ಹೋಟೆಲ್‌ಗಳಲ್ಲಿ ಸಪ್ಲೈ ಮಾಡುವ ಹುಡುಗರಲ್ಲಿ ಎಷ್ಟೋ ಜನ ಅಸ್ಸಾಂ, ಒಡಿಶಾ, ನೇಪಾಳದ ಕಡೆಯವರು. ಕೆಲಸದಲ್ಲಿ ಚುರುಕು, ಆದರೆ ಗಾಬರಿಯಲ್ಲಿ ಅಡ್ರೆಸ್ ಅನ್ನು ಕನ್ನಡದಲ್ಲಿ ಹೇಳು ಅಂದ್ರೆ ಕಷ್ಟ. ಕ್ಯಾಶ್ ಕೌಂಟರ್ ಒಳಗೆ, ಕೂತವರ ಕಣ್ಣಿಗೆ ಬೀಳುವ ಹಾಗೆ, ಒಂದು ಚೀಟಿ ಅಂಟಿಸಿ. ಅದರಲ್ಲಿ 108, 112, ಹೋಟೆಲ್ ಹೆಸರು, ರಸ್ತೆ, ಎದುರಿಗಿರುವ ಗುರುತು, ಯಾವ ಗೇಟ್‌ಗೆ ಬರಬೇಕು ಅನ್ನುವುದು ಇರಲಿ. ನೀವು ದಿನಾ ಹೇಳುವ ವಿಳಾಸವೇ ಆ ಹೊತ್ತಿನಲ್ಲಿ ಬಾಯಿಗೆ ಬರುವುದಿಲ್ಲ, ನಂಬಿ.

ಸಾಮಾನು ಜಾಸ್ತಿ ಬೇಡ. ಬಟ್ಟೆ ಕತ್ತರಿಸುವಂಥ ಕತ್ತರಿ, ಒಂದು ಟಾರ್ಚ್, ಬಾಯಿಗಿಟ್ಟು ಉಸಿರು ಕೊಡುವ ಪಾಕೆಟ್ ಮಾಸ್ಕ್, ಕೈಗವಸು. ದೊಡ್ಡ ಹೋಟೆಲ್ ಆದರೆ, ಹೃದಯ ನಿಂತವರಿಗೆ ಶಾಕ್ ಕೊಡುವ ಎಇಡಿ ಯಂತ್ರ ಇರಬಹುದು. ಇದ್ದರೆ ಅದನ್ನು ಮ್ಯಾನೇಜರ್ ರೂಮಿನಲ್ಲಿಟ್ಟು ಬೀಗ ಹಾಕಬೇಡಿ.

## ಹಂತ 2: ಮೊದಲ ಹತ್ತು ಸೆಕೆಂಡ್, ಕೆಮ್ಮು ಕೇಳಿಸುತ್ತಿದೆಯಾ?

ಇಡೀ ಕೆಲಸದಲ್ಲಿ ಇದೇ ಮುಖ್ಯವಾದ ತೀರ್ಮಾನ. ಎದುರು ನಿಂತು ಕೇಳಿ: 'ಸಾರ್, ಗಂಟಲಿಗೆ ಸಿಕ್ಕಿದೆಯಾ? ಮಾತಾಡಕ್ಕೆ ಆಗುತ್ತಾ?'

ಮಾತಾಡಿದರೆ, ಇಲ್ಲವೇ ಜೋರಾಗಿ ಕೆಮ್ಮುತ್ತಿದ್ದರೆ, ಗಾಳಿ ಹೋಗುತ್ತಿದೆ ಅಂತ ಅರ್ಥ. ಇದು ಬರೀ ನೆತ್ತಿಗೆ ಹತ್ತಿರುವುದು. ಕೆಮ್ಮಲು ಬಿಡಿ, 'ಇನ್ನೂ ಕೆಮ್ಮಿ ಸಾರ್' ಅನ್ನಿ, ಪಕ್ಕದಲ್ಲೇ ನಿಲ್ಲಿ. ಬೆನ್ನಿಗೆ ಹೊಡೆಯಬೇಡಿ, ಅವರ ಸ್ವಂತ ಕೆಮ್ಮಿನಷ್ಟು ಬಲ ನಿಮ್ಮ ಕೈಯಲ್ಲಿಲ್ಲ.

ಮಾತು ಬರುತ್ತಿಲ್ಲ, ಬಾಯಿ ತೆರೆದಿದೆ ಆದರೆ ಶಬ್ದವಿಲ್ಲ, ಕೆಮ್ಮಲು ನೋಡಿದರೂ ಸದ್ದೇ ಇಲ್ಲ, ಕೈ ತಾನಾಗಿ ಗಂಟಲಿಗೆ ಹೋಗಿದೆ, ತುಟಿ ನೀಲಿಗೆ ತಿರುಗುತ್ತಿದೆ: ಇದು ಪೂರ್ತಿ ಮುಚ್ಚಿದ ಗಂಟಲು. ಇಲ್ಲಿ ಮೋಸ ಹೋಗುವುದು ಎಲ್ಲಿ ಅಂದ್ರೆ, ಇದು ತುಂಬಾ ನಿಶ್ಶಬ್ದವಾಗಿರುತ್ತದೆ. ಕಿರುಚಾಟ ಇಲ್ಲ, ತಟ್ಟೆ ಬೀಳುವುದಿಲ್ಲ. ನಮ್ಮ ಏಳನೇ ಟೇಬಲ್‌ನವರು ಲೋಟ ಬೇಡ ಅಂತ ಕೈ ಆಡಿಸಿದ್ದು ನಮಗೆ 'ಏನಿಲ್ಲ ಬಿಡಪ್ಪಾ' ಅನ್ನೋ ಹಾಗೆ ಕಂಡಿತ್ತು.

ಎದ್ದು ಬೇಸಿನ್ ಕಡೆಗೋ ಬಾತ್‌ರೂಮಿಗೋ ಹೊರಟವರನ್ನು ಒಬ್ಬರೇ ಬಿಡಲೇಬೇಡಿ. ಎಲ್ಲರೆದುರು ಮುಜುಗರ ಅಂತ ಜನ ಎದ್ದು ಹೋಗುತ್ತಾರೆ, ಬಾಗಿಲು ಹಾಕಿಕೊಂಡು ಒಳಗೆ ಬೀಳುತ್ತಾರೆ. ಊಟದ ಮಧ್ಯೆ ಮಾತಿಲ್ಲದೆ ಎದ್ದು ಹೋದವರ ಹಿಂದೆ ಒಬ್ಬ ಹೋಗಬೇಕು. ವಾಂತಿಯೇ ಆಗಿದ್ದರೆ ಟವೆಲ್ ಕೊಟ್ಟು ಬರಲಿ, ನಷ್ಟವೇನು?

ನೀರಿನ ವಿಷಯ. ಮುಚ್ಚಿದ ಗಂಟಲಿಗೆ ನೀರು ಹಾಕಿದರೆ ಅದು ತುತ್ತನ್ನು ಕೆಳಗೆ ತಳ್ಳುವುದಿಲ್ಲ, ತುತ್ತು ಸಿಕ್ಕಿರುವುದು ಅನ್ನದ ದಾರಿಯಲ್ಲಲ್ಲ, ಉಸಿರಿನ ದಾರಿಯಲ್ಲಿ. ನೀರು ಸೇರಿದರೆ ಇದ್ದಬದ್ದ ಸಂದೂ ಮುಚ್ಚಬಹುದು. ಬಾಳೆಹಣ್ಣು ನುಂಗಿಸುವುದೂ ಅಷ್ಟೇ. ನೆತ್ತಿ ತಟ್ಟಿ 'ಯಾರೋ ನೆನೆಸಿಕೊಳ್ತಿದ್ದಾರೆ' ಅನ್ನುವುದು ಮನೆಯಲ್ಲಿ ಚೆನ್ನಾಗಿರುತ್ತದೆ, ಅದರಿಂದ ತುತ್ತು ಬರುವುದಿಲ್ಲ.

## ಹಂತ 3: ಬೆನ್ನಿಗೆ ಐದು, ಹೊಟ್ಟೆಗೆ ಐದು

ಕ್ಯಾಶಿಯರ್ ಕಡೆ ತಿರುಗಿ ಹೆಸರು ಹಿಡಿದು ಕೂಗಿ: 'ಮಂಜಣ್ಣ, 108ಕ್ಕೆ ಮಾಡಿ, ಗಂಟಲಿಗೆ ಸಿಕ್ಕಿದೆ ಅನ್ನಿ.' 'ಯಾರಾದ್ರೂ ಫೋನ್ ಮಾಡಿ' ಅಂದರೆ ಯಾರೂ ಮಾಡುವುದಿಲ್ಲ. ಕೂಗುತ್ತಲೇ ಗಿರಾಕಿಯ ಹಿಂದೆ ಹೋಗಿ.

ಮೊದಲು ಬೆನ್ನು. ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ ನಿಂತು, ಒಂದು ಕೈಯಿಂದ ಅವರ ಎದೆಗೆ ಆಸರೆ ಕೊಟ್ಟು ಸೊಂಟದಿಂದ ಮುಂದಕ್ಕೆ ಚೆನ್ನಾಗಿ ಬಗ್ಗಿಸಿ. ನೆಟ್ಟಗೆ ನಿಂತವರ ಬೆನ್ನಿಗೆ ಹೊಡೆದರೆ ತುತ್ತು ಇನ್ನೂ ಕೆಳಗೆ ಜಾರಬಹುದು, ಬಗ್ಗಿದ್ದರೆ ಬಾಯಿ ಕಡೆಗೆ ಬರುತ್ತದೆ. ಇನ್ನೊಂದು ಅಂಗೈಯ ಬುಡದಿಂದ, ಎರಡು ರೆಕ್ಕೆಮೂಳೆಗಳ ಮಧ್ಯೆ, ಐದು ಸಲ ಬಿಗಿಯಾಗಿ ಹೊಡೆಯಿರಿ. ಇದು ಬೆನ್ನು ಸವರುವ ಕೆಲಸ ಅಲ್ಲ. ನಮ್ಮ ಹುಡುಗರು ಗಿರಾಕಿ ಅಂತ ಮರ್ಯಾದೆಯಿಂದ ತಟ್ಟುತ್ತಾರೆ, ಅದು ಸಾಲದು. ಪ್ರತಿ ಏಟಿನ ನಂತರ ಬಂತಾ ಅಂತ ನೋಡಿ, ಒಂದೇ ಏಟಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ.

ಬರಲಿಲ್ಲವಾ? ಈಗ ಹೊಟ್ಟೆ. ಪೂರ್ತಿ ಹಿಂದೆ ಹೋಗಿ, ನಿಮ್ಮ ಒಂದು ಕಾಲನ್ನು ಅವರ ಎರಡು ಕಾಲುಗಳ ಮಧ್ಯೆ ಇಡಿ. ಪ್ರಜ್ಞೆ ತಪ್ಪಿದರೆ ನಿಮ್ಮ ತೊಡೆಯ ಮೇಲೆ ಜಾರಿಸಿ ಇಳಿಸಬಹುದು, ದಢಾರನೆ ಬೀಳುವುದಿಲ್ಲ. ಒಂದು ಕೈ ಮುಷ್ಟಿ ಮಾಡಿ, ಹೆಬ್ಬೆರಳಿನ ಕಡೆ ಒಳಗೆ ಬರುವಂತೆ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಇಡಿ. ಪಕ್ಕೆಲುಬುಗಳು ಕೂಡುವ ಜಾಗಕ್ಕೆ ತಾಗಬಾರದು, ಅಲ್ಲಿ ಒತ್ತಿದರೆ ಒಳಗೆ ಗಾಯ ಆಗುತ್ತದೆ. ಇನ್ನೊಂದು ಕೈಯಿಂದ ಮುಷ್ಟಿ ಹಿಡಿದು, ಒಳಗೂ ಮೇಲಕ್ಕೂ ಸೇರಿಸಿ ಒಮ್ಮೆಗೇ ಎಳೆಯಿರಿ. ಐದು ಸಲ, ಪ್ರತಿಯೊಂದೂ ಬೇರೆ ಬೇರೆ. ಅಪ್ಪಿ ಹಿಡಿದು ಅಲ್ಲಾಡಿಸಿದರೆ ಏನೂ ಆಗುವುದಿಲ್ಲ. ಶ್ವಾಸಕೋಶದಲ್ಲಿ ಉಳಿದಿರುವ ಗಾಳಿ ಒಮ್ಮೆಗೆ ಮೇಲೆ ನುಗ್ಗಬೇಕು, ಬಾಟಲಿಯ ಬಿರಡೆ ಹಾರುವ ಹಾಗೆ.

ಮತ್ತೆ ಬೆನ್ನಿಗೆ ಐದು, ಹೊಟ್ಟೆಗೆ ಐದು. ತುತ್ತು ಬರುವ ತನಕ, ಅಥವಾ ಅವರು ಪ್ರಜ್ಞೆ ತಪ್ಪುವ ತನಕ.

ಕೆಲವು ಬೇರೆ ಸಂದರ್ಭಗಳಿವೆ. ಗಿರಾಕಿ ಎತ್ತರ, ನೀವು ಗಿಡ್ಡ ಆಗಿದ್ದರೆ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹಿಂದಿನಿಂದ ಮಾಡಿ. ಗೋಡೆಗೆ ಅಂಟಿಸಿದ ಸೋಫಾ ಸೀಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಮೊದಲು ಹೊರಗೆ ಎಳೆಯಿರಿ, ಸಾರು ಚೆಲ್ಲಿದರೆ ಚೆಲ್ಲಲಿ. ಗರ್ಭಿಣಿಯಾಗಿದ್ದರೆ, ಅಥವಾ ನಿಮ್ಮ ಕೈಗೆ ಸುತ್ತು ಸಿಗದಷ್ಟು ದಪ್ಪ ಇದ್ದರೆ, ಹೊಟ್ಟೆ ಮುಟ್ಟಬೇಡಿ. ಮುಷ್ಟಿಯನ್ನು ಎದೆಮೂಳೆಯ ಮೇಲಿಟ್ಟು ನೇರ ಹಿಂದಕ್ಕೆ ಎಳೆಯಿರಿ. ಒಂದು ವರ್ಷದೊಳಗಿನ ಮಗುವಿಗೆ ಹೊಟ್ಟೆ ಒತ್ತುವುದು ಬೇಡವೇ ಬೇಡ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಬೆನ್ನಿಗೆ ಐದು ಏಟು, ಆಮೇಲೆ ತಿರುಗಿಸಿ ಎದೆಯ ಮಧ್ಯೆ ಐದು ಒತ್ತು.

ಬಾಯಿಗೆ ಬೆರಳು ಹಾಕಿ ಕೆದಕುವುದು ತುಂಬಾ ಜನ ಮಾಡುವ ತಪ್ಪು. ಕಣ್ಣಿಗೆ ಕಾಣುವ ತುತ್ತನ್ನು ಮಾತ್ರ ತೆಗೆಯಿರಿ. ಕಾಣದ್ದನ್ನು ಹುಡುಕಿದರೆ ಅದನ್ನು ಇನ್ನೂ ಒಳಗೆ ತಳ್ಳುತ್ತೀರಿ.

## ಹಂತ 4: ಕುಸಿದರೆ ನೆಲ, ಸೋಫಾ ಅಲ್ಲ

ಕೈಯಲ್ಲೇ ಸಡಿಲವಾದರು ಅಂದ್ಕೊಳ್ಳಿ. ನಮ್ಮವರು ತಕ್ಷಣ ಮಾಡುವುದು ಏನು? ಕುರ್ಚಿಯಲ್ಲಿ ಎತ್ತಿ ಕೂರಿಸುತ್ತಾರೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ, ಈರುಳ್ಳಿ ಮೂಸಿಸುತ್ತಾರೆ, ಕೈಗೆ ಬೀಗದ ಕೈ ಕೊಡುತ್ತಾರೆ. ಇದರಲ್ಲೇ ಎರಡು ಮೂರು ನಿಮಿಷ ಹೋಗುತ್ತದೆ. ಆಮ್ಲಜನಕ ನಿಂತ ನಾಲ್ಕೈದು ನಿಮಿಷಕ್ಕೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ.

ನೆಲದ ಮೇಲೆ ಅಂಗಾತ ಮಲಗಿಸಿ. ಟೇಬಲ್ ಎಳೆದು ಜಾಗ ಮಾಡಿ. ಬೇಸಿನ್ ಹತ್ತಿರ ಒದ್ದೆ ನೆಲವಾದರೆ ಎರಡು ಹೆಜ್ಜೆ ಒಣ ಕಡೆಗೆ ಎಳೆದುಕೊಳ್ಳಿ, ನಿಮ್ಮ ಮಂಡಿ ಜಾರಬಾರದು. ಲಾಬಿಯಲ್ಲಿ ಬಿದ್ದವರನ್ನು ಸೋಫಾ ಮೇಲೆ ಮಲಗಿಸಿದರೆ ಎದೆ ಒತ್ತಿದಾಗ ಒತ್ತಿ ಹೋಗುವುದು ಸೋಫಾ.

ಹೆಗಲು ತಟ್ಟಿ ಜೋರಾಗಿ ಕರೆಯಿರಿ. ಎಚ್ಚರ ಇಲ್ಲ, ಎದೆ ಸರಿಯಾಗಿ ಏಳುತ್ತಿಲ್ಲ ಅಂದರೆ ಸಿಪಿಆರ್, ಅಂದರೆ ಹಂತ 5ರಲ್ಲಿರುವ ಎದೆ ಒತ್ತುವ ಕೆಲಸ, ಶುರು ಮಾಡಿ. ನಾಡಿ ಹುಡುಕುತ್ತಾ ಕೂರಬೇಡಿ, ಗಾಬರಿಯಲ್ಲಿ ನಿಮ್ಮದೇ ನಾಡಿ ಸಿಗುತ್ತದೆ.

ಇಲ್ಲೊಂದು ಮೋಸದ ಲಕ್ಷಣ ಗೊತ್ತಿರಲಿ. ಹೃದಯ ನಿಂತವರು ಕೆಲವು ಸಲ ಮೀನಿನ ಹಾಗೆ ಬಾಯಿ ತೆರೆದು, ಆಗೊಮ್ಮೆ ಈಗೊಮ್ಮೆ ಗೊರ್ ಅಂತ ಉಸಿರು ಎಳೆಯುತ್ತಾರೆ. ಅದು ಉಸಿರಾಟ ಅಲ್ಲ. 'ಉಸಿರಾಡ್ತಿದಾರೆ, ಬಿಡಿ' ಅಂತ ಸುಮ್ಮನಿದ್ದು ಎಷ್ಟೋ ಜೀವ ಹೋಗಿವೆ. ಬಿದ್ದ ಕೂಡಲೇ ಕೆಲವು ಸೆಕೆಂಡ್ ಕೈಕಾಲು ಅದುರಿದರೂ ಮೂರ್ಛೆರೋಗ ಅಂತ ತೀರ್ಮಾನಿಸಬೇಡಿ, ಅದುರು ನಿಂತ ಮೇಲೆ ಉಸಿರು ನೋಡಿ.

## ಹಂತ 5: ಎದೆ ಒತ್ತುವುದು

ಎದೆಯ ಮಧ್ಯೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ ಇಡಿ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಚಬೇಡಿ. ನಿಮ್ಮ ಹೆಗಲು ನೇರ ಕೈಗಳ ಮೇಲೆ ಬರಬೇಕು, ಮೈಭಾರದಿಂದ ಒತ್ತಬೇಕು. ಆಳ 5ರಿಂದ 6 ಸೆಂಟಿಮೀಟರ್. ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ. ಸುಸ್ತಾದವನು ಎದೆಯ ಮೇಲೆ ಒರಗಿಕೊಂಡು ಒತ್ತುತ್ತಾನೆ, ಆಗ ಹೃದಯಕ್ಕೆ ರಕ್ತ ವಾಪಸ್ ತುಂಬುವುದೇ ಇಲ್ಲ.

ವೇಗ ನಿಮಿಷಕ್ಕೆ 100ರಿಂದ 120. ಇಲ್ಲಿ ಒಂದು ಚಿಕ್ಕ ಉಪಾಯ ಇದೆ. ಕನ್ನಡದಲ್ಲಿ ಒಂದರಿಂದ ಮೂವತ್ತರ ತನಕ ಎಣಿಸಲು ಹೋದರೆ 'ಇಪ್ಪತ್ತೊಂದು, ಇಪ್ಪತ್ತೆರಡು' ಅನ್ನುವಷ್ಟರಲ್ಲಿ ನಾಲಿಗೆ ನಿಧಾನ ಆಗುತ್ತದೆ, ಕೈಯೂ ನಿಧಾನ ಆಗುತ್ತದೆ. ಒಂದರಿಂದ ಹತ್ತನ್ನು ಮೂರು ಸಲ ಎಣಿಸಿ. ಮೂವತ್ತು ಒತ್ತಿಗೆ 15ರಿಂದ 18 ಸೆಕೆಂಡ್ ಆಗಬೇಕು. ಹುಡುಗರಿಗೆ ಹೇಳಿಕೊಡುವಾಗ ನಾನು ಗೋಡೆ ಗಡಿಯಾರ ತೋರಿಸುತ್ತೇನೆ, ಮೊದಲ ಸಲ ಎಲ್ಲರೂ ತಪ್ಪುತ್ತಾರೆ, ಜಾಸ್ತಿ ಜನ ನಿಧಾನ ಮಾಡಿ.

ಮೂವತ್ತು ಒತ್ತಿದ ಮೇಲೆ ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿ. ಗಂಟಲಿಗೆ ಸಿಕ್ಕಿದ ಕೇಸ್‌ನಲ್ಲಿ ಇದು ಮರೆಯಬಾರದ ಕೆಲಸ, ಯಾಕಂದ್ರೆ ಎದೆ ಒತ್ತಿದಾಗಲೇ ತುತ್ತು ಮೇಲೆ ಬರಬಹುದು. ನಮ್ಮ ಯಜಮಾನರ ವಿಷಯದಲ್ಲಿ ಆದದ್ದೂ ಇದೇ: ನರ್ಸ್ ಎರಡನೇ ಸುತ್ತು ಮುಗಿಸಿ ನೋಡಿದಾಗ ಪೀಸು ನಾಲಿಗೆಯ ಹಿಂದೆ ಕಾಣಿಸಿತು, ಎರಡು ಬೆರಳಲ್ಲಿ ತೆಗೆದರು. ಸಡಿಲವಾಗಿದ್ದ ಹಲ್ಲಿನ ಸೆಟ್ಟನ್ನೂ ತೆಗೆದರು. ಆ ಪೀಸು ಇಷ್ಟೇ ಇಷ್ಟು, ಹೆಬ್ಬೆರಳಿನ ತುದಿಯಷ್ಟು.

ಕಲಿತವರಿದ್ದರೆ ಪ್ರತಿ ಮೂವತ್ತಕ್ಕೆ ಮಾಸ್ಕ್ ಇಟ್ಟು ಎರಡು ಉಸಿರು ಕೊಡಲಿ. ಗಂಟಲು ಕಟ್ಟಿ ಬಿದ್ದವರಿಗೆ, ಮಕ್ಕಳಿಗೆ, ಉಸಿರು ಕೊಡುವುದು ಮುಖ್ಯವೇ. ಆದರೆ ಬರುವುದಿಲ್ಲ ಅಂತ ಕೈಕಟ್ಟಿ ನಿಲ್ಲಬೇಡಿ, ಒತ್ತುವುದನ್ನಷ್ಟೇ ಮಾಡಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಿ. ಮುಂದಿನವನು ಎದುರಿಗೆ ಮಂಡಿಯೂರಿ ಸಿದ್ಧನಾಗಿರಬೇಕು, ಬದಲಾಗುವಾಗ ಕೆಲವೇ ಸೆಕೆಂಡ್ ಬಿಡುವು. ಪಕ್ಕೆಲುಬು ಲಟಕ್ ಅಂದರೂ ನಿಲ್ಲಿಸಬೇಡಿ, ಕೈ ಜಾಗದಲ್ಲಿದೆಯಾ ನೋಡಿಕೊಂಡು ಮುಂದುವರಿಸಿ.

ಎಇಡಿ ಬಂದರೆ ಮೊದಲು ಆನ್ ಮಾಡಿ, ಅದು ಹೇಳಿದಂತೆ ಮಾಡಿ. ಶರ್ಟ್ ಕತ್ತರಿಸಿ, ಬೆವರು ಒರೆಸಿ, ಒಂದು ಪ್ಯಾಡ್ ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕಕ್ಕೆ. ಶಾಕ್ ಕೊಡುವಾಗ ಯಾರೂ ಮುಟ್ಟಿರಬಾರದು. ಕೊಟ್ಟ ಮರುಗಳಿಗೆಯೇ ಮತ್ತೆ ಒತ್ತಿ, ಎದ್ದರಾ ಅಂತ ಕಾಯಬೇಡಿ.

## ಹಂತ 6: ಫೋನ್ ಹಿಡಿದವರು ಏನು ಹೇಳಬೇಕು

'ಸಾರ್, ಬೇಗ ಬನ್ನಿ' ಅಂತ ಇಟ್ಟುಬಿಡುವುದು ಸಾಮಾನ್ಯ ತಪ್ಪು. ಹೀಗೆ ಹೇಳಿ: 'ಗಂಡಸು, ಸುಮಾರು ಅರವತ್ತೈದು ವರ್ಷ, ಊಟ ಮಾಡುವಾಗ ಗಂಟಲಿಗೆ ಸಿಕ್ಕಿದೆ, ಪ್ರಜ್ಞೆ ಇಲ್ಲ, ಉಸಿರಿಲ್ಲ, ಎದೆ ಒತ್ತುತ್ತಿದ್ದೇವೆ.' ಆಮೇಲೆ ಚೀಟಿ ನೋಡಿ ವಿಳಾಸ ಓದಿ. ಸ್ಪೀಕರ್‌ಗೆ ಹಾಕಿ ಗಿರಾಕಿಯ ಹತ್ತಿರ ತನ್ನಿ, ಅವರಾಗಿ ಹೇಳುವ ತನಕ ಕಟ್ ಮಾಡಬೇಡಿ. 108 ಸಿಗದಿದ್ದರೆ 112.

ಆಟೋಗೆ ಹಾಕಿಕೊಂಡು ಓಡುವುದು ಬೇಡವಾ? ಉಸಿರಿಲ್ಲದವರನ್ನು ಆಟೋದಲ್ಲಿ ಮಡಚಿ ಹಾಕಿದರೆ ಎದೆ ಒತ್ತಲು ಆಗುವುದಿಲ್ಲ. ಆಂಬುಲೆನ್ಸ್ ಬರುವ ತನಕ ನೆಲದ ಮೇಲೆ ಒತ್ತುತ್ತಿರುವುದೇ ವಾಸಿ. ಉಸಿರು ಚೆನ್ನಾಗಿದ್ದು, ಆಂಬುಲೆನ್ಸ್ ತುಂಬಾ ತಡ ಅಂತ ಅವರೇ ಹೇಳಿದರೆ, ಆಗ ಕಾರಿನ ಮಾತು.

## ಲಾಬಿಯ ಕೇಸ್: 'ಗ್ಯಾಸ್ ಇರ್ಬೇಕು'

ಊಟ ಮುಗಿಸಿ ರಿಸೆಪ್ಷನ್ ಹತ್ತಿರ ಬಂದವರು ಎದೆ ಹಿಡಿದುಕೊಂಡು ಬೆವರುತ್ತಿದ್ದರೆ ಗ್ಯಾಸ್ ಅಂತ ಸೋಡಾ ಕೊಟ್ಟು ರೂಮಿನ ಕೀ ಕೊಡಬೇಡಿ. ಎದೆ ಬಿಗಿತ, ತಣ್ಣನೆ ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು, ಉಸಿರು ಸಿಗದಿರುವುದು: ಹೃದಯಾಘಾತ ಅಂತಲೇ ಹಿಡಿಯಿರಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಇರಬಹುದು. ಗೋಡೆಗೆ ಒರಗಿಸಿ, ಮಂಡಿ ಮಡಚಿ ನೆಲದ ಮೇಲೆ ಕೂರಿಸಿ, ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, 108ಕ್ಕೆ ಫೋನ್ ಮಾಡಿ. ಬೇರೆಯವರ ಜೇಬಿನ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆ ಕೆಳಗೆ ಇಡಿಸಬೇಡಿ, ಬಿಪಿ ಕಡಿಮೆ ಇದ್ದರೆ ಇನ್ನೂ ಇಳಿದುಬಿಡುತ್ತದೆ. ಅವರಿಗೆ ಬರೆದುಕೊಟ್ಟ ಮಾತ್ರೆ ಅವರ ಹತ್ತಿರವೇ ಇದ್ದರೆ, ಅದನ್ನು ತೆಗೆದುಕೊಳ್ಳಲು ಸಹಾಯ ಮಾಡಿ. ಪ್ರಜ್ಞೆ ತಪ್ಪಿದರೆ ಹಂತ 4ಕ್ಕೆ ಹೋಗಿ.

## ಹಂತ 7: ತುತ್ತು ಬಂತು, ಈಗ?

ಉಸಿರು ವಾಪಸ್ ಬಂದು ಇನ್ನೂ ಎಚ್ಚರ ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಹೋಗದಿರಲಿ. ಉಸಿರು ನೋಡುತ್ತಲೇ ಇರಿ.

ನಿಂತಿದ್ದಾಗಲೇ ತುತ್ತು ಹಾರಿಬಂದವರು 'ಏನಿಲ್ಲಪ್ಪಾ, ಬಿಲ್ ತಗೊಂಡು ಬಾ' ಅನ್ನುತ್ತಾರೆ. ಹೊಟ್ಟೆ ಎಳೆದಿದ್ದರೆ ಡಾಕ್ಟರ್ ನೋಡಲೇಬೇಕು, ಒಳಗೆ ಪಿತ್ತಜನಕಾಂಗಕ್ಕೋ ಗುಲ್ಮಕ್ಕೋ ಪೆಟ್ಟಾಗಿರಬಹುದು, ಹೊರಗೆ ಕಾಣುವುದಿಲ್ಲ. ಚೂರು ಒಳಗೆ ಉಳಿದಿದ್ದರೆ ಕೆಮ್ಮು ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಜ್ವರ ಬರಬಹುದು. ಇದನ್ನು ಗಿರಾಕಿಗೆ ಹೇಳುವುದಕ್ಕಿಂತ ಜೊತೆಗೆ ಬಂದ ಹೆಂಡತಿಗೋ ಮಗನಿಗೋ ಹೇಳಿ, ಅವರು ಕರೆದುಕೊಂಡು ಹೋಗುತ್ತಾರೆ.

ಅಭ್ಯಾಸದ ಬಗ್ಗೆ ಒಂದು ಮಾತು: ಹುಡುಗರು ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ನಿಜವಾಗಿ ಎಳೆದು ಕಲಿಯುವುದು ಬೇಡ, ಗಾಯ ಆಗುತ್ತದೆ. ನಿಲ್ಲುವ ಜಾಗ, ಮುಷ್ಟಿ ಇಡುವ ಜಾಗ ಅಷ್ಟೇ ತೋರಿಸಿ. ಎದೆ ಒತ್ತುವುದು ಗೊಂಬೆಯ ಮೇಲೆ ಮಾತ್ರ.

ಕೊನೆಗೆ ಕ್ಯಾಶಿಯರ್ ಕೆಲಸ ಇನ್ನೊಂದಿದೆ. ಬಿಲ್ ಪುಸ್ತಕದ ಒಂದು ಹಾಳೆಯ ಹಿಂದೆ ನಾಲ್ಕು ಸಮಯ ಬರೆಯಬೇಕು: ತುತ್ತು ಸಿಕ್ಕಿದ್ದು ಎಷ್ಟು ಗಂಟೆಗೆ, ಪ್ರಜ್ಞೆ ತಪ್ಪಿದ್ದು, ಎದೆ ಒತ್ತಲು ಶುರು ಮಾಡಿದ್ದು, ಉಸಿರು ಬಂದದ್ದು. ಏನು ತಿನ್ನುತ್ತಿದ್ದರು ಅನ್ನುವುದೂ ಇರಲಿ. ಆಂಬುಲೆನ್ಸ್‌ನವರು ಬಂದಾಗ ಹತ್ತು ಜನ ಹತ್ತು ಕಥೆ ಹೇಳುತ್ತಾರೆ, ಅವರ ಕೈಗೆ ಆ ಹಾಳೆ ಕೊಡಿ. ಅವತ್ತು ನರ್ಸ್ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ 'ಬಿದ್ದು ಎಷ್ಟು ಹೊತ್ತಾಯ್ತು?' ಅಂತ. ನನ್ನ ಹತ್ತಿರ ಉತ್ತರ ಇರಲಿಲ್ಲ.